ಇಶ್ಯೂ ಮುಚ್ಚಿದ ದಿನವೇ ಪಿಆರ್‌ಗೂ ಉತ್ತರ ಕೊಡಿ

ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ಒಂದರ ವಿವರಣೆಯಲ್ಲಿ `Fixes #4321` ಎಂದು ಬರೆದಿದ್ದರೆ, ಆ ಪಿಆರ್ ರೆಪೊದ ಮುಖ್ಯ ಬ್ರಾಂಚ್‌ಗೆ ಮರ್ಜ್ ಆದ ಕೂಡಲೇ 4321ನೇ ಇಶ್ಯೂ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಇಶ್ಯೂ ಮುಚ್ಚಿದರೆ ಪಿಆರ್ ಮುಚ್ಚಿಕೊಳ್ಳುವುದಿಲ್ಲ. ಮೇಂಟೇನರ್ ಒಬ್ಬರು ಚರ್ಚೆ ಮುಗಿಸಿ, ಇದನ್ನು ಮಾಡುವುದಿಲ್ಲ ಎಂದು ಬರೆದು ಇಶ್ಯೂಗೆ ತೆರೆ ಎಳೆದರೂ, ಅದಕ್ಕಾಗಿ ಯಾರೋ ಬರೆದು ಕಳಿಸಿದ ಪಿಆರ್ ಹಾಗೇ ತೆರೆದುಕೊಂಡಿರುತ್ತದೆ. ಟೆಸ್ಟ್‌ಗಳು ಹಸಿರು ತೋರಿಸುತ್ತಿರುತ್ತವೆ, ರಿವ್ಯೂ ಬಾಕಿ ಇದೆ ಎಂಬ ಸೂಚನೆ ಇರುತ್ತದೆ, ಬರೆದವರು ಆಗಾಗ ಬಂದು ಮುಖ್ಯ ಬ್ರಾಂಚ್‌ನ ಹೊಸ ಬದಲಾವಣೆಗಳ ಮೇಲೆ ತಮ್ಮ ಕೆಲಸವನ್ನು ರೀಬೇಸ್ ಮಾಡಿ ಹೋಗುತ್ತಿರುತ್ತಾರೆ. ಬೇಡವೆಂದು ಆಗಲೇ ತೀರ್ಮಾನವಾದ ಕೆಲಸಕ್ಕೆ ತಮ್ಮ ಭಾನುವಾರಗಳು ಖರ್ಚಾಗುತ್ತಿವೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಂಥ ಪಿಆರ್‌ಗಳನ್ನು ಏನು ಮಾಡಬೇಕು, ಮುಚ್ಚುವುದಾದರೆ ಬರೆದವರಿಗೆ ಯಾವ ಮಾತಿನಲ್ಲಿ ತಿಳಿಸಬೇಕು ಎಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಇಶ್ಯೂ ಮುಚ್ಚಿದವರೇ, ಅದೇ ದಿನ, ಅದಕ್ಕೆ ಸೇರಿದ ಪಿಆರ್‌ಗಳನ್ನೂ ನೋಡಿ ಮುಗಿಸಬೇಕು ಎಂಬುದು ನನ್ನ ಅಭಿಪ್ರಾಯ. ಮುಚ್ಚಬೇಕಾಗಿ ಬಂದರೆ, ಅದು ಪ್ರಾಜೆಕ್ಟ್‌ನ ತೀರ್ಮಾನದಿಂದ ಆದದ್ದು, ಕೋಡ್‌ನ ದೋಷದಿಂದಲ್ಲ ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು.

ಆದರೆ ಮುಚ್ಚುವ ಮುನ್ನ ಇಶ್ಯೂ ಯಾಕೆ ಮುಚ್ಚಿತು ಎಂದು ನೋಡಬೇಕಾಗುತ್ತದೆ. ಒಂದು ತೊಂದರೆ ಇದೆ ಅಥವಾ ಒಂದು ಸೌಲಭ್ಯ ಬೇಕು ಎನ್ನುವುದು ಇಶ್ಯೂ. ಅದಕ್ಕೆ ಇದೋ ಒಂದು ಪರಿಹಾರ ಎನ್ನುವುದು ಪಿಆರ್. ಮೊದಲನೆಯದು ಮುಚ್ಚಿದ ಮಾತ್ರಕ್ಕೆ ಎರಡನೆಯದು ವ್ಯರ್ಥ ಎಂದಾಗುವುದಿಲ್ಲ. ಗಿಟ್‌ಹಬ್ 2022ರಲ್ಲಿ ಇಶ್ಯೂ ಮುಚ್ಚುವಾಗ ಕಾರಣ ಆರಿಸುವ ಅವಕಾಶ ಕೊಟ್ಟಿತು. ಕೆಲಸ ಮುಗಿದಿದ್ದರೆ `completed`, ಮಾಡುವ ಯೋಚನೆಯೇ ಇಲ್ಲದಿದ್ದರೆ `not planned`. ಆಮೇಲೆ `duplicate` ಕೂಡ ಸೇರಿತು. ಇಶ್ಯೂ ಬೇರೊಂದರ ನಕಲು ಎಂದು ಮುಚ್ಚಿದ್ದರೆ ಅದರ ಪಿಆರ್ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ. ತೊಂದರೆ ಇನ್ನೊಂದು ನಂಬರಿನಡಿ ಇನ್ನೂ ಜೀವಂತವಾಗಿದೆ, ಆದ್ದರಿಂದ ಪಿಆರ್‌ನ ವಿವರಣೆಯಲ್ಲಿ ನಂಬರ್ ಬದಲಿಸಿದರೆ ಮುಗಿಯಿತು. ತೊಂದರೆ ನಮ್ಮಲ್ಲಿ ಮರುಕಳಿಸುತ್ತಿಲ್ಲ ಎಂದು ಮುಚ್ಚಿದ್ದರಂತೂ ಪಿಆರ್ ಇನ್ನೂ ಮುಖ್ಯವಾಗುತ್ತದೆ. ಒಳ್ಳೆಯ ಪಿಆರ್‌ನಲ್ಲಿ ಆ ತೊಂದರೆಯನ್ನು ಹಿಡಿದು ತೋರಿಸುವ ಟೆಸ್ಟ್ ಒಂದು ಇರುತ್ತದೆ. ತಿದ್ದುಪಡಿಯನ್ನು ಬಿಟ್ಟು ಆ ಟೆಸ್ಟ್ ಒಂದನ್ನೇ ಮುಖ್ಯ ಬ್ರಾಂಚ್ ಮೇಲೆ ಓಡಿಸಿ ಅದು ಫೇಲ್ ಆದರೆ, ತಪ್ಪಿದ್ದು ಇಶ್ಯೂ ಮುಚ್ಚಿದ ತೀರ್ಮಾನವೇ. ಹೀಗಾಗಿ ಬೇಡವೆಂದು ಮುಚ್ಚಿದ ಇಶ್ಯೂಗಳು ಮತ್ತು ಬೇರೆಯವರ ಕೋಡ್‌ನಿಂದ ಪರಿಹಾರವಾದ ಇಶ್ಯೂಗಳು, ಇವೆರಡರ ಪಿಆರ್‌ಗಳು ಮಾತ್ರ ನಿಜವಾಗಿ ಮುಚ್ಚಬೇಕಾದವು.

ಅವನ್ನು ಹುಡುಕುವುದೂ ಅಂದುಕೊಂಡಷ್ಟು ನೇರವಲ್ಲ. ಇಶ್ಯೂ ಪುಟದ ಬದಿಯಲ್ಲಿರುವ `Development` ಎಂಬ ಜಾಗದಲ್ಲಿ, `Fixes`, `Closes`, `Resolves` ಥರದ ಪದ ಬಳಸಿ ಅಥವಾ ಕೈಯಾರೆ ಜೋಡಿಸಿದ ಪಿಆರ್‌ಗಳು ಮಾತ್ರ ಕಾಣಿಸುತ್ತವೆ. '#4321ಕ್ಕೆ ಸಂಬಂಧಿಸಿದ್ದು' ಎಂದು ತಮ್ಮದೇ ಮಾತಿನಲ್ಲಿ ಬರೆದವರ ಪಿಆರ್ ಅಲ್ಲಿ ಬರುವುದಿಲ್ಲ, ಹೊಸಬರು ಬರೆಯುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ನಂಬರ್ ಹಿಡಿದು ಒಮ್ಮೆ ಹುಡುಕಿದರೆ ಒಳ್ಳೆಯದು:

```
gh pr list --state open --search "4321 in:title,body"
```

ಇನ್ನು ಮುಚ್ಚುವ ವಿಚಾರ. ಇದಕ್ಕೆ ಪೈಥಾನ್ ಭಾಷೆಯ ಒಂದು ಪ್ರಕರಣವನ್ನು ಬಿಡಿಸಿ ನೋಡುವುದು ಉಪಯುಕ್ತ. ಪೈಥಾನ್ ಜೊತೆಗೇ ಬರುವ ಮಾಡ್ಯೂಲ್‌ಗಳಲ್ಲಿ ಯಾರೂ ಸರಿಯಾಗಿ ನೋಡಿಕೊಳ್ಳದೆ ಹಳತಾದ 19 ಮಾಡ್ಯೂಲ್‌ಗಳನ್ನು ಕೈಬಿಡುವ ಪ್ರಸ್ತಾಪ ಪಿಇಪಿ 594. 2019ರಲ್ಲಿ ಬರೆದ ಇದಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ವೆಬ್ ಫಾರ್ಮ್‌ಗಳನ್ನು ಓದುವ `cgi`, ಟೆಲ್ನೆಟ್‌ಗೆ ಬೇಕಾದ `telnetlib` ಮುಂತಾದವು ಪಟ್ಟಿಯಲ್ಲಿದ್ದವು. 3.11ನೇ ಆವೃತ್ತಿಯಲ್ಲಿ ಇವು ಹೋಗಲಿವೆ ಎಂಬ ಎಚ್ಚರಿಕೆ ಬಂತು, 2023ರ ಮೇ ತಿಂಗಳಲ್ಲಿ ಮುಖ್ಯ ಬ್ರಾಂಚ್‌ನಿಂದ ಕಡತಗಳನ್ನು ತೆಗೆಯತೊಡಗಿದರು, 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 3.13ರಲ್ಲಿ ಅವು ಇರಲಿಲ್ಲ. ಈಗ ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. `cgi` ಮಾಡ್ಯೂಲ್‌ನ `FieldStorage` ಮೂಲಕ ಫೈಲ್ ಅಪ್‌ಲೋಡ್ ಮಾಡುವಾಗ ಬರುವ ದೋಷವೊಂದಕ್ಕೆ ಒಬ್ಬರು ಪಿಆರ್ ಕಳಿಸಿದ್ದಾರೆ. ಇನ್ನೊಬ್ಬರು ಅದೇ `FieldStorage`ಗೆ ಹೊಸ ಆಯ್ಕೆಯೊಂದನ್ನು ಸೇರಿಸುವ ಪಿಆರ್ ಕಳಿಸಿದ್ದಾರೆ. ಅಷ್ಟರಲ್ಲಿ ಮಾಡ್ಯೂಲೇ ಮುಖ್ಯ ಬ್ರಾಂಚ್‌ನಿಂದ ಹೋಯಿತು. ಎರಡನ್ನೂ ಒಂದೇ ಏಟಿಗೆ ಮುಚ್ಚಬಹುದೇ?

2023ರ ಮೇನಲ್ಲಿ ನಿಂತು ನೋಡಿದರೆ, ಮುಚ್ಚುವಂತಿರಲಿಲ್ಲ. `cgi` ಹೋದದ್ದು ಮುಂದೆ 3.13 ಆಗಲಿದ್ದ ಮುಖ್ಯ ಬ್ರಾಂಚ್‌ನಿಂದ ಮಾತ್ರ. 3.11 ಮತ್ತು 3.12ರ ಬ್ರಾಂಚ್‌ಗಳಲ್ಲಿ ಅದು ಉಳಿದಿತ್ತು, ಆ ಎರಡೂ ಬ್ರಾಂಚ್‌ಗಳಿಗೆ ಆಗ ದೋಷ ತಿದ್ದುಪಡಿಗಳು ಹೋಗುತ್ತಿದ್ದವು. ಹೊಸ ಸೌಲಭ್ಯಗಳು ಮುಖ್ಯ ಬ್ರಾಂಚ್‌ಗೆ ಮಾತ್ರ ಸೇರುವುದು ಪೈಥಾನ್‌ನ ನಿಯಮ. ಹಾಗಾಗಿ ಹೊಸ ಆಯ್ಕೆ ಸೇರಿಸುವ ಪಿಆರ್‌ಗೆ ಹೋಗಲು ಜಾಗವೇ ಇರಲಿಲ್ಲ, ಅದನ್ನು ಅಂದೇ ಮುಚ್ಚುವುದು ಸರಿ. ದೋಷ ತಿದ್ದುವ ಪಿಆರ್‌ನದು ಬೇರೆ ಕಥೆ. ಆ ದೋಷ 3.11 ಬಳಸುವ ಜನರನ್ನು ಆಗಲೂ ಕಾಡುತ್ತಿತ್ತು, ಆದ್ದರಿಂದ ಹಳೆಯ ಬ್ರಾಂಚ್‌ಗಾಗಿ ಅದನ್ನು ಕೇಳಿ ಪಡೆಯಲು ಕಾರಣವಿತ್ತು. ಇಲ್ಲೊಂದು ತಾಂತ್ರಿಕ ತೊಡಕಿದೆ. ಪಿಆರ್‌ನ ಬೇಸ್ ಬ್ರಾಂಚ್ ಅನ್ನು `main`ನಿಂದ `3.12`ಕ್ಕೆ ಬದಲಿಸಿದರೆ ಸಾಲದು, ಏಕೆಂದರೆ ಮುಖ್ಯ ಬ್ರಾಂಚ್‌ನಲ್ಲಿ ಸೇರಿದ ಬೇರೆಯವರ ಕಮಿಟ್‌ಗಳೆಲ್ಲ ಪಿಆರ್ ಒಳಗೆ ಬಂದು ಕೂರುತ್ತವೆ. ತಮ್ಮ ಕಮಿಟ್‌ಗಳನ್ನಷ್ಟೇ ಹಳೆಯ ಬ್ರಾಂಚ್ ಮೇಲೆ ತಂದು ಹೊಸ ಪಿಆರ್ ತೆರೆಯಿರಿ ಎಂದು ಬರೆದವರಿಗೆ ಹೇಳಿ, ಹಳೆಯದನ್ನು ಮುಚ್ಚುವುದು ಸಲೀಸು. ಇದೇ ಪಿಆರ್ ಇವತ್ತು ಬಂದರೆ ಉತ್ತರ ಮತ್ತೆ ಬದಲಾಗುತ್ತದೆ. 3.12ಕ್ಕೆ 2025ರ ಏಪ್ರಿಲ್ ನಂತರ ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳು ಮಾತ್ರ ಸಲ್ಲುತ್ತವೆ, ಸಾಮಾನ್ಯ ದೋಷ ತಿದ್ದುವ ಪಿಆರ್‌ಗೆ ಪೈಥಾನ್ ರೆಪೊದಲ್ಲಿ ಎಲ್ಲೂ ಜಾಗವಿಲ್ಲ. ಒಂದೇ ಕೋಡ್, ಒಂದೇ ದೋಷ. ಆದರೂ ಯಾವ ತಾರೀಖಿನಲ್ಲಿ ಯಾವ ಬ್ರಾಂಚ್ ಏನನ್ನು ಒಪ್ಪುತ್ತದೆ ಎಂಬುದರ ಮೇಲೆ ಅದರ ಗತಿ ನಿಂತಿದೆ. ಸೌಲಭ್ಯ ಕೈಬಿಟ್ಟ ಪ್ರಾಜೆಕ್ಟ್ ಯಾವುದೇ ಇರಲಿ, ಮುಚ್ಚುವ ಗುಂಡಿ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಕೋಡ್ ಇನ್ನೂ ಬದುಕಿರುವ, ತಿದ್ದುಪಡಿ ಪಡೆಯುತ್ತಿರುವ ಹಳೆಯ ಆವೃತ್ತಿ ನಮ್ಮಲ್ಲಿ ಇದೆಯೇ?

ಇಲ್ಲ ಎಂದಾದ ಮೇಲೆ ಬರೆಯುವ ಮಾತು. ಏನೂ ಬರೆಯದೆ ಮುಚ್ಚಿದರೆ ಬರೆದವರ ಇಮೇಲ್‌ಗೆ `Closed #5678.` ಎಂಬ ಒಂದು ಸಾಲು ಹೋಗುತ್ತದೆ. ಅದನ್ನು ಓದಿದವರಿಗೆ ಕೋಡ್ ಕೆಟ್ಟದಾಗಿತ್ತೇ, ನಿಯಮ ತಪ್ಪಿತೇ, ಯಾರಿಗಾದರೂ ಬೇಸರವಾಯಿತೇ ಎಂಬುದರಲ್ಲಿ ಒಂದೂ ತಿಳಿಯುವುದಿಲ್ಲ. ತಿಂಗಳುಗಟ್ಟಲೆ ರಿವ್ಯೂಗೆ ಕಾದವರು ಸಹಜವಾಗಿ ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ಆದ್ದರಿಂದ ಟಿಪ್ಪಣಿಯ ಮೊದಲ ವಾಕ್ಯ ತೀರ್ಮಾನದ್ದಾಗಿರಬೇಕು, ಎರಡನೆಯದು ಅದರ ಕಾರಣವನ್ನು ಅಲ್ಲೇ ಹೇಳಬೇಕು, ಮೂರನೆಯದು ಈ ಪಿಆರ್ ಬಗ್ಗೆಯೇ ಇರಬೇಕು. ಮೇಲಿನ ಉದಾಹರಣೆಗೆ ನಾನಾದರೆ ಬರೆಯುವುದು ಹೀಗೆ: 'ಪಿಇಪಿ 594ರ ತೀರ್ಮಾನದಂತೆ cgi ಮಾಡ್ಯೂಲ್ ಅನ್ನು ಮುಖ್ಯ ಬ್ರಾಂಚ್‌ನಿಂದ ತೆಗೆದಿದ್ದೇವೆ, ಹಾಗಾಗಿ ಈ ಪಿಆರ್ ಮುಚ್ಚುತ್ತಿದ್ದೇನೆ. ಮಾಡ್ಯೂಲ್ ನೋಡಿಕೊಳ್ಳುವವರು ಇರಲಿಲ್ಲ, ಅದರ ಕೆಲಸವನ್ನು ಈಗ ಬೇರೆ ಪ್ಯಾಕೇಜ್‌ಗಳು ಚೆನ್ನಾಗಿ ಮಾಡುತ್ತಿವೆ. ನೀವು ಸೇರಿಸಿದ ಆಯ್ಕೆಯಲ್ಲಿ ಅಥವಾ ಟೆಸ್ಟ್‌ಗಳಲ್ಲಿ ತಪ್ಪೇನೂ ಕಂಡಿಲ್ಲ. ಹೊಸ ಸೌಲಭ್ಯ ಹಳೆಯ ಬ್ರಾಂಚ್‌ಗಳಿಗೆ ಸಲ್ಲುವುದಿಲ್ಲವಾದ್ದರಿಂದ ಅಲ್ಲಿಗೂ ಕಳಿಸಲಾಗದು. ಈ ಕೋಡ್ ಈಗ ಪಿವೈಪಿಐನಲ್ಲಿ legacy-cgi ಎಂಬ ಹೆಸರಿನಲ್ಲಿ ಬೇರೆಯವರ ಕೈಯಲ್ಲಿದೆ, ಬೇಕಿದ್ದರೆ ಅವರನ್ನು ಕೇಳಿ ನೋಡಬಹುದು. ಇಷ್ಟು ದಿನ ರಿವ್ಯೂ ಸಿಗದೆ ಹೋದದ್ದಕ್ಕೆ ಕ್ಷಮಿಸಿ.' ಇದಕ್ಕಿಂತ ಉದ್ದ ಬೇಡ. ಕ್ಷಮೆ ಕೇಳಿರುವುದು ತಡವಾದದ್ದಕ್ಕೆ ಮಾತ್ರ. ಮಾಡ್ಯೂಲ್ ಕೈಬಿಟ್ಟದ್ದಕ್ಕೆ ಕ್ಷಮೆ ಕೇಳಿದರೆ ಆ ತೀರ್ಮಾನದಲ್ಲಿ ನಮಗೇ ನಂಬಿಕೆ ಇಲ್ಲ ಎಂದಂತಾಗುತ್ತದೆ. ತಪ್ಪೇನೂ ಕಂಡಿಲ್ಲ ಎಂಬ ಮಾತನ್ನೂ ಕೋಡ್ ಓದಿದ್ದರೆ ಮಾತ್ರ ಬರೆಯಬೇಕು. ಓದಿಲ್ಲದಿದ್ದರೆ 'ಕೋಡ್ ರಿವ್ಯೂ ಮಾಡಿಲ್ಲ, ಮುಚ್ಚುವುದಕ್ಕೂ ಅದರ ಗುಣಕ್ಕೂ ಸಂಬಂಧವಿಲ್ಲ' ಎಂದರೆ ಸಾಕು. ಬರೆದವರು ಅದನ್ನು ಒಪ್ಪಿಕೊಳ್ಳುತ್ತಾರೆ, ಏಕೆಂದರೆ ಅದು ನಿಜ.

ಇಂಥ ಟಿಪ್ಪಣಿಗಳ ಕೊನೆಯಲ್ಲಿ ಅಭ್ಯಾಸಬಲದಿಂದ ಬರುವ ಒಂದು ಮಾತಿನ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ: 'ಬೇಕಾದರೆ ಮತ್ತೆ ತೆರೆಯಿರಿ.' ಕೇಳಲು ಉದಾರವಾಗಿದೆ, ಆದರೆ ಹೊರಗಿನಿಂದ ಪಿಆರ್ ಕಳಿಸಿದವರ ಮಟ್ಟಿಗೆ ಸುಳ್ಳು. ಮೇಂಟೇನರ್ ಮುಚ್ಚಿದ ಪಿಆರ್ ಅನ್ನು ರೆಪೊಗೆ ಬರೆಯುವ ಹಕ್ಕಿಲ್ಲದವರು ಮತ್ತೆ ತೆರೆಯಲಾರರು. ಅವರ ಪುಟದಲ್ಲಿ ಆ ಗುಂಡಿಯೇ ಇರುವುದಿಲ್ಲ. ಅದೂ ಅಲ್ಲದೆ, ಮುಚ್ಚಿದ ಮೇಲೆ ಬರೆದವರು ತಮ್ಮ ಬ್ರಾಂಚ್‌ಗೆ ಫೋರ್ಸ್ ಪುಶ್ ಮಾಡಿದರೆ ಮೇಂಟೇನರ್ ಕೂಡ ಅದನ್ನು ತೆರೆಯಲಾಗದು. ತೀರ್ಮಾನ ಮರುಪರಿಶೀಲನೆಗೆ ನಿಜವಾಗಿ ತೆರೆದಿದ್ದರೆ, ಯಾವ ಹೊಸ ಸಂಗತಿ ಬಂದರೆ ಮತ್ತೆ ನೋಡುತ್ತೇವೆ, ಅದನ್ನು ಎಲ್ಲಿ ಹೇಳಬೇಕು ಎಂದು ಬರೆಯಬೇಕು. ಜಾಂಗೋ ಪ್ರಾಜೆಕ್ಟ್‌ನಲ್ಲಿ `wontfix` ಎಂದು ಮುಚ್ಚಿದ ಟಿಕೆಟ್ ಅನ್ನು ತಾವೇ ಮತ್ತೆ ತೆರೆಯಬಾರದು, ಮೊದಲು ಸಮುದಾಯದ ಮುಂದೆ ಚರ್ಚೆಗೆ ಇಟ್ಟು ಒಪ್ಪಿಗೆ ಪಡೆಯಬೇಕು ಎಂದು ನಿಯಮವನ್ನೇ ಬರೆದಿಟ್ಟಿದ್ದಾರೆ. ಬಾಗಿಲು ಎಲ್ಲಿದೆ ಎಂದು ಬರೆದವರಿಗೆ ಅದರಿಂದ ಗೊತ್ತಾಗುತ್ತದೆ. ಬಾಗಿಲೇ ಇಲ್ಲದಿದ್ದರೆ, ಸದ್ಯಕ್ಕೆ ಬೇಡ ಎಂಬ ಮಾತನ್ನೂ ಬಳಸಬಾರದು. 'ಸದ್ಯಕ್ಕೆ' ಎಂದು ಓದಿದವರು ಕಾಯುತ್ತಾರೆ.

ಮುಚ್ಚುವುದೇ ಯಾಕೆ, ತೆರೆದಿದ್ದರೆ ಏನು ತೊಂದರೆ, ನಾಳೆ ತೀರ್ಮಾನ ಬದಲಾಗಬಹುದಲ್ಲ ಎಂದು ಕೇಳುವವರಿದ್ದಾರೆ. ತೀರ್ಮಾನಗಳು ಬದಲಾಗುವುದು ನಿಜವೇ. ಪೈಥಾನ್‌ನಲ್ಲೇ `logging` ಮಾಡ್ಯೂಲ್‌ನ `warn()` ಅನ್ನು 3.13ರ ಮೊದಲ ಆಲ್ಫಾದಲ್ಲಿ ತೆಗೆದು, ಬಿಡುಗಡೆಗೆ ಮುನ್ನ ವಾಪಸ್ ತಂದರು. ಆದರೆ ಈ ಭಯಕ್ಕೆ ಪಿಆರ್ ತೆರೆದಿಡಬೇಕಿಲ್ಲ. ಪಿಆರ್ ಮುಚ್ಚಿದರೆ ಕೋಡ್ ಅಳಿಯುವುದಿಲ್ಲ; ಬರೆದವರು ತಮ್ಮ ಫೋರ್ಕ್‌ನಿಂದ ಬ್ರಾಂಚ್ ಅಳಿಸಿದರೂ ಮೂಲ ರೆಪೊದಲ್ಲಿ ಅದರ ಕಮಿಟ್‌ಗಳು ಪಿಆರ್ ನಂಬರಿನಡಿ ಉಳಿದಿರುತ್ತವೆ. ತೀರ್ಮಾನ ಬದಲಾದ ದಿನ ಯಾರು ಬೇಕಾದರೂ ಅದನ್ನು ಎಳೆದುಕೊಳ್ಳಬಹುದು:

```
git fetch origin pull/5678/head:pr-5678
```

ತೆರೆದಿಟ್ಟರೆ ಆಗುವ ನಷ್ಟವೇ ದೊಡ್ಡದು. ತೆರೆದ ಪಿಆರ್ ಎಂದರೆ ಇದನ್ನು ನೋಡುತ್ತೇವೆ ಎಂಬ ಭರವಸೆ. ಬರೆದವರು ರೀಬೇಸ್ ಮಾಡುತ್ತಾರೆ, ಹೊಸ ರಿವ್ಯೂವರ್ ಒಬ್ಬರು ಬಂದು ಇಶ್ಯೂ ಮುಚ್ಚಿರುವುದನ್ನು ಗಮನಿಸದೆ ಸಾಲು ಸಾಲಾಗಿ ಸಲಹೆ ಬರೆಯುತ್ತಾರೆ, ಬರೆದವರು ಅದನ್ನೆಲ್ಲ ತಿದ್ದುತ್ತಾರೆ. ಆಮೇಲೆ ಬೇಡ ಎನ್ನುವುದು ಮೊದಲ ದಿನವೇ ಹೇಳುವುದಕ್ಕಿಂತ ಎಷ್ಟೋ ಪಾಲು ಕಷ್ಟ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ: ಎಲ್ಲ ಹಸಿರಾಗಿದೆ ಎಂದು ಯಾರೋ ಮರ್ಜ್ ಮಾಡಿಬಿಡುತ್ತಾರೆ, ಬೇಡವೆಂದು ತೀರ್ಮಾನಿಸಿದ ಸೌಲಭ್ಯ ಮುಂದಿನ ಬಿಡುಗಡೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಅಲ್ಲಿಂದ ಅದನ್ನು ತೆಗೆಯಬೇಕಾದರೆ ಬಳಸಲು ಶುರುಮಾಡಿದವರಿಗೆ ಎಚ್ಚರಿಕೆ ಕೊಟ್ಟು ಇನ್ನೊಂದೆರಡು ಬಿಡುಗಡೆ ಕಾಯಬೇಕು.

ಹಳೆಯ ಪಿಆರ್‌ಗಳನ್ನು ಬಾಟ್ ಮುಚ್ಚುತ್ತದಲ್ಲ ಎಂಬುದು ಇನ್ನೊಂದು ವಾದ. ಕುಬರ್ನೆಟಿಸ್ ಪ್ರಾಜೆಕ್ಟ್‌ನಲ್ಲಿ 90 ದಿನ ಚಟುವಟಿಕೆ ಇಲ್ಲದಿದ್ದರೆ ಒಂದು ಲೇಬಲ್, ಮತ್ತೆ 30 ದಿನ ಸುಮ್ಮನಿದ್ದರೆ ಇನ್ನೊಂದು ಲೇಬಲ್, ಅದಾಗಿ 30 ದಿನಕ್ಕೆ ಮುಚ್ಚುವುದು ಎಂಬ ವ್ಯವಸ್ಥೆ ಇದೆ. ಸಾವಿರಾರು ಪಿಆರ್ ಬರುವ ಕಡೆ ಇದು ಬೇಕು, ಅದರ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಬಾಟ್‌ಗೆ ಗೊತ್ತಿರುವುದು ಒಂದೇ ಕಾರಣ, ಯಾರೂ ಮುಟ್ಟಿಲ್ಲ ಎಂಬುದು. ಸೌಲಭ್ಯ ಕೈಬಿಟ್ಟ ಪಿಆರ್‌ಗೆ ಅದು ತಪ್ಪು ಕಾರಣ. ಚಟುವಟಿಕೆ ಇಲ್ಲ ಎಂದು ಓದಿದವರು ತಾನು ಬಂದು ಒಂದು ಮಾತು ಬರೆದಿದ್ದರೆ ಉಳಿಯುತ್ತಿತ್ತು ಎಂದುಕೊಳ್ಳುತ್ತಾರೆ, ಮುಂದಿನ ಸಲ ಲೇಬಲ್ ಬಿದ್ದ ಕೂಡಲೇ ಬಂದು ಬರೆಯುತ್ತಾರೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಒಬ್ಬ ಮನುಷ್ಯ ಎರಡು ನಿಮಿಷದಲ್ಲಿ ಹೇಳಬಹುದಾದ ಸಂಗತಿಗೆ ಅವರು ಕಡಿಮೆಯೆಂದರೂ ಐದು ತಿಂಗಳು ಕಾದಂತಾಗುತ್ತದೆ, ಆಗಲೂ ಅವರಿಗೆ ಸಿಗುವುದು ತಪ್ಪು ಉತ್ತರ.

ಕೋಡ್ ಬರೆದಾಗಿದೆ, ಟೆಸ್ಟ್ ಪಾಸಾಗಿದೆ, ಪಾಪ ಅಷ್ಟು ಕಷ್ಟಪಟ್ಟಿದ್ದಾರೆ, ಮರ್ಜ್ ಮಾಡಿದರೆ ಏನು ಗಂಟು ಹೋಗುತ್ತದೆ ಎಂದು ಕೇಳುವವರ ಮನಸ್ಸು ಒಳ್ಳೆಯದು. ಆದರೆ ಬರೆಯುವ ಖರ್ಚು ಒಮ್ಮೆಯದು, ಇಟ್ಟುಕೊಳ್ಳುವ ಖರ್ಚು ಪ್ರತಿ ಬಿಡುಗಡೆಯದು. ಪೈಥಾನ್‌ನ ಆ 19 ಮಾಡ್ಯೂಲ್‌ಗಳೂ ಒಂದು ಕಾಲಕ್ಕೆ ಯಾರೋ ಶ್ರದ್ಧೆಯಿಂದ ಬರೆದು ಸೇರಿಸಿದವೇ. ಬರೆದವರು ಬೇರೆ ಕೆಲಸಕ್ಕೆ ಹೋದ ಮೇಲೆ ಅವುಗಳ ದೋಷ ವರದಿಗಳು, ಭದ್ರತೆಯ ತೊಂದರೆಗಳು, ದಾಖಲೆಗಳ ತಿದ್ದುಪಡಿ ಎಲ್ಲವೂ ಉಳಿದವರ ತಲೆಗೆ ಬಂದದ್ದರಿಂದಲೇ ಪಿಇಪಿ 594 ಬರೆಯಬೇಕಾಯಿತು. ಬೇಡವೆಂದು ಒಮ್ಮೆ ಯೋಚಿಸಿ ನಿರ್ಧರಿಸಿದ್ದನ್ನು ಕರುಣೆಯಿಂದ ಒಳಗೆ ಬಿಟ್ಟುಕೊಂಡರೆ ಆ ಹೊರೆಯನ್ನು ಗೊತ್ತಿದ್ದೇ ಹೊತ್ತಂತೆ. ಬರೆದವರ ಶ್ರಮ ಉಳಿಯಬೇಕೆಂಬ ಕಾಳಜಿ ಇದ್ದರೆ ಪಿಆರ್ ಅನ್ನು ಮತ್ತೊಮ್ಮೆ ಬಿಚ್ಚಿ ನೋಡುವುದು ಮೇಲು. ಕೈಬಿಟ್ಟ ಸೌಲಭ್ಯಕ್ಕೆ ಸಂಬಂಧವೇ ಇಲ್ಲದ ಒಂದು ಟೆಸ್ಟ್, ದಾಖಲೆಯಲ್ಲಿ ತಿದ್ದಿದ ಒಂದು ಸಾಲು, ದಾರಿಯಲ್ಲಿ ಸಿಕ್ಕಿ ಸರಿಪಡಿಸಿದ ಇನ್ನಾವುದೋ ದೋಷ ಅದರೊಳಗೆ ಎಷ್ಟೋ ಸಲ ಇರುತ್ತದೆ. 'ಈ ಎರಡು ಕಮಿಟ್‌ಗಳನ್ನು ಬೇರೆ ಪಿಆರ್ ಆಗಿ ಕಳಿಸಿದರೆ ಈ ವಾರವೇ ನೋಡುತ್ತೇನೆ' ಎಂದು ಕಮಿಟ್‌ನ ಹೆಸರು ಹಿಡಿದು ಬರೆದರೆ ಅದು ಬರೆದವರ ಕೈಗೆ ಸಿಗುವ ನಿಜವಾದ ಕೆಲಸ. ಹಾಗೆ ಬರೆದ ಮೇಲೆ ಆ ವಾರವೇ ನೋಡಬೇಕು.

ಇಶ್ಯೂವನ್ನು ಇನ್ನೊಬ್ಬರ ಪಿಆರ್ ಪರಿಹರಿಸಿದ್ದಾಗ ನೋವು ಬೇರೆ ಥರದ್ದು. ಇಲ್ಲಿ ಪ್ರಾಜೆಕ್ಟ್‌ಗೆ ಸೌಲಭ್ಯ ಬೇಕಿತ್ತು, ಇವರ ಕೋಡ್ ಬೇಕಾಗಲಿಲ್ಲ ಅಷ್ಟೆ. ಆದ್ದರಿಂದ ಯಾವ ಪಿಆರ್ ಮರ್ಜ್ ಆಯಿತು, ಇದರ ಬದಲು ಅದೇ ಯಾಕೆ ಎಂದು ನೇರವಾಗಿ ಹೇಳಬೇಕಾಗುತ್ತದೆ. ಅದು ಚಿಕ್ಕದಾಗಿತ್ತು, ಹಳೆಯ ಆವೃತ್ತಿಗಳಿಗೂ ಹೊಂದುತ್ತಿತ್ತು ಅಥವಾ ಇದು ಮೊದಲೇ ಬಂದಿದ್ದರೂ ನಮ್ಮ ಕಣ್ಣಿಗೆ ಬೀಳಲಿಲ್ಲ, ಏನಿತ್ತೋ ಅದು. ಮರ್ಜ್ ಆದದ್ದರಲ್ಲಿ ಇವರ ಕೋಡ್ ಅಥವಾ ಟೆಸ್ಟ್ ಬಳಸಿಕೊಂಡಿದ್ದರೆ ಕಮಿಟ್ ಸಂದೇಶದ ಕೊನೆಯಲ್ಲಿ `Co-authored-by:` ಎಂಬ ಸಾಲಿನಲ್ಲಿ ಇವರ ಹೆಸರು ಬರಬೇಕು. ಆ ಸಾಲು ಮರ್ಜ್‌ಗೆ ಮುನ್ನ ಬರೆದರೆ ಮಾತ್ರ ಸೇರುತ್ತದೆ, ಮುಖ್ಯ ಬ್ರಾಂಚ್‌ನ ಇತಿಹಾಸವನ್ನು ಆಮೇಲೆ ಯಾರೂ ತಿದ್ದುವುದಿಲ್ಲ. ಒಂದೇ ಇಶ್ಯೂಗೆ ಎರಡು ಪಿಆರ್ ಇವೆಯೇ ಎಂದು ಮರ್ಜ್ ಗುಂಡಿ ಒತ್ತುವ ಮುನ್ನವೇ ಹುಡುಕಿ ನೋಡಬೇಕು ಎನ್ನುವುದು ಇದಕ್ಕೇ.

ದೊಡ್ಡ ಸೌಲಭ್ಯವೊಂದನ್ನು ಕೈಬಿಟ್ಟಾಗ ಮುಚ್ಚಬೇಕಾದ ಪಿಆರ್‌ಗಳು ಹತ್ತಾರು ಇರುತ್ತವೆ, ಪ್ರತಿಯೊಂದಕ್ಕೂ ಕುಳಿತು ಬರೆಯಲು ಸಮಯವೆಲ್ಲಿ ಎಂದು ಮೇಂಟೇನರ್‌ಗಳು ಕೇಳುವುದು ನ್ಯಾಯವೇ. ಸಂಜೆಗಳಲ್ಲಿ, ಬಿಟ್ಟಿಯಾಗಿ ಮಾಡುವ ಕೆಲಸ ಇದು. ತೀರ್ಮಾನ ಮತ್ತು ಕಾರಣದ ವಾಕ್ಯಗಳು ಎಲ್ಲದಕ್ಕೂ ಒಂದೇ ಇರಲಿ, ನಕಲು ಮಾಡಿ ಹಾಕಿದರೆ ಯಾರಿಗೂ ಬೇಸರವಿಲ್ಲ. ಮೂರನೆಯ ವಾಕ್ಯ ಮಾತ್ರ ಆ ಪಿಆರ್ ತೆರೆದು ನೋಡಿಯೇ ಬರೆಯಬೇಕಾದದ್ದು, ಏಕೆಂದರೆ ಹಳೆಯ ಬ್ರಾಂಚ್‌ಗೆ ಬೇಕಾದ ದೋಷ ತಿದ್ದುಪಡಿಯೊಂದು ಆ ರಾಶಿಯಲ್ಲಿದ್ದರೆ ಕಣ್ಣಿಗೆ ಬೀಳುವುದು ಆ ತೆರೆದು ನೋಡುವ ಹೊತ್ತಿನಲ್ಲೇ. ಮುಚ್ಚುವ ಕಮಾಂಡ್‌ಗೆ ಟಿಪ್ಪಣಿಯನ್ನೂ ಜೊತೆಗೇ ಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ:

```
gh pr close 5678 --comment "..."
```

ಬರೆದವರು ಸಿಟ್ಟಿನಿಂದಲೋ ಬೇಸರದಿಂದಲೋ ಉತ್ತರಿಸಿದರೆ ಒಮ್ಮೆ ಸಮಾಧಾನವಾಗಿ ಮರುಉತ್ತರ ಕೊಟ್ಟು, ತೀರ್ಮಾನದ ಬಗೆಗಿನ ವಾದವನ್ನು ಇಶ್ಯೂ ಕಡೆಗೆ ಕಳಿಸುವುದು ಸರಿ. ಆ ತೀರ್ಮಾನಕ್ಕೆ ಬಂದ ಎಲ್ಲರೂ ಅಲ್ಲಿದ್ದಾರೆ. ಪಿಆರ್ ಪುಟದಲ್ಲಿ ಇರುವುದು ಮುಚ್ಚಿದವರು ಒಬ್ಬರೇ.